ಮೂಳೆ, ಚರ್ಮ ಸಮೇತ ಕೋಳಿ: ಕೊಂಡ ತೂಕದಲ್ಲಿ ತಿಂದ ಪ್ರೋಟೀನ್ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕೆಜಿ ಕೋಳಿ ತಂದಿದ್ದೇನೆ. ಅದರಲ್ಲಿ ಪ್ರೋಟೀನ್ ಎಷ್ಟು? ಒಂದೇ ಮಾತಲ್ಲಿ ಹೇಳಿ.

ಸುಮಾರು 120ರಿಂದ 125 ಗ್ರಾಂ. ಇಡೀ ಕೋಳಿಯನ್ನು ತುಂಡು ಮಾಡಿಸಿದ್ದರೂ ಅಷ್ಟೇ, ಮೂಳೆ ಇರುವ ಲೆಗ್ ಪೀಸ್ ತಂದಿದ್ದರೂ ಅಷ್ಟೇ. ಕೊಂಡ ತೂಕವನ್ನು ಎಂಟರಿಂದ ಭಾಗಿಸಿದರೆ ಹತ್ತಿರದ ಉತ್ತರ ಸಿಗುತ್ತದೆ. ತೂಕ ಹಸಿಯದ್ದಾಗಿರಬೇಕು, ಮೂಳೆ ಬಿಟ್ಟು ಉಳಿದದ್ದೆಲ್ಲ ಹೊಟ್ಟೆ ಸೇರಬೇಕು, ಅಷ್ಟೇ ಷರತ್ತು.

ಇಡೀ ಮನೆಗೆ ಒಟ್ಟು ಎಷ್ಟು ಅಂತ ತಿಳಿಯೋಕೆ ಇದು ಸಾಕು. ನಿಮ್ಮ ತಟ್ಟೆಗೆ ಬಿದ್ದದ್ದು ಎಷ್ಟು ಅಂತ ಬೇಕಾದರೆ ಕೆಳಗಿನದ್ದನ್ನೂ ಓದಿ.

ಒಂದು ಕಡೆ 100 ಗ್ರಾಂಗೆ 31 ಗ್ರಾಂ ಪ್ರೋಟೀನ್ ಅಂತಿದೆ, ಇನ್ನೊಂದು ಕಡೆ 18 ಅಂತಿದೆ. ಯಾವುದನ್ನು ನಂಬಲಿ?

ಎರಡೂ ಸರಿ. ಎರಡೂ ಬೇರೆ ಬೇರೆ ವಸ್ತುವಿನ ಲೆಕ್ಕ, ಅಷ್ಟೇ. 31 ಅನ್ನೋದು ಚರ್ಮ, ಮೂಳೆ ಎರಡೂ ಇಲ್ಲದ, ಬೆಂದ ಎದೆ ಮಾಂಸದ್ದು. 18 ಅನ್ನೋದು ಚರ್ಮ ಸಮೇತದ ಹಸಿ ಮಾಂಸದ್ದು.

ಬೇಯುವಾಗ ಮಾಂಸದಿಂದ ನೀರು ಹೊರಗೆ ಹೋಗುತ್ತದೆ. ಪ್ರೋಟೀನ್ ಬಹುಪಾಲು ಅಲ್ಲೇ ಉಳಿಯುತ್ತದೆ. ತೂಕ ಇಳಿದು ಪ್ರೋಟೀನ್ ಇಳಿಯದಿದ್ದರೆ, 100 ಗ್ರಾಂಗೆ ಸಿಗುವ ಅಂಕಿ ತಾನಾಗಿಯೇ ಏರುತ್ತದೆ. ಬೇಯಿಸಿದ್ದರಿಂದ ಪ್ರೋಟೀನ್ ಹುಟ್ಟಲಿಲ್ಲ.

ಇನ್ನೊಂದು ವಿಷಯ. ಆಹಾರ ಪಟ್ಟಿಗಳಲ್ಲಿ ಕೊಡುವ 100 ಗ್ರಾಂ ಅಂದರೆ ಸಾಮಾನ್ಯವಾಗಿ ತಿನ್ನುವ ಭಾಗದ 100 ಗ್ರಾಂ. ಮೂಳೆ ಅದರಲ್ಲಿ ಸೇರಿರೋದಿಲ್ಲ. ಮೂಳೆ ಸಮೇತದ ತುಂಡು ತೂಗಿ ಆ ಅಂಕಿಯಿಂದ ಗುಣಿಸಿದರೆ ಮೂಳೆಗೂ ಮಾಂಸದ ಪ್ರೋಟೀನ್ ಕೊಟ್ಟಂತಾಗುತ್ತದೆ. ಆ್ಯಪ್‌ಗಳಲ್ಲಿ ಲೆಕ್ಕ ಬರೆದಿಡುವವರು ಜಾಸ್ತಿ ಎಡವುವುದು ಇಲ್ಲೇ.

ಹಾಗಾಗಿ ಯಾವುದೇ ಅಂಕಿ ತೆಗೆದುಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ. ಹಸಿಯೋ ಬೆಂದದ್ದೋ? ಚರ್ಮ ಇದೆಯೋ ಇಲ್ಲವೋ? ಯಾವ ಭಾಗ? ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಈ ಮೂರಕ್ಕೂ ಉತ್ತರ ಹೆಸರಿನಲ್ಲೇ ಇರುತ್ತದೆ: `leg, meat and skin, raw` ಅಂದರೆ ಕಾಲು, ಚರ್ಮ ಸಮೇತ, ಹಸಿ. `meat only` ಅಂತಿದ್ದರೆ ಚರ್ಮ ಇಲ್ಲ. ಸುಮ್ನೆ "ಚಿಕನ್" ಅಂತ ಮಾತ್ರ ಬರೆದಿರುವ ಸಾಲನ್ನು ಮುಟ್ಟಲೇಬೇಡಿ.

ಯಾವ ತುಂಡಿನಲ್ಲಿ ಎಷ್ಟು ಮೂಳೆ ಇರುತ್ತದೆ?

ಹಸಿ ತೂಕದ ಲೆಕ್ಕದಲ್ಲಿ, ಮೂಳೆ ಸಮೇತದ ಎದೆ ತುಂಡಿನಲ್ಲಿ ಐದನೇ ಒಂದು ಭಾಗ ಮೂಳೆ. ಉದ್ದನೆಯ ಪೂರ್ತಿ ಕಾಲಿನಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಕಾಲನ್ನೇ ಎರಡು ಮಾಡಿದರೆ ತೊಡೆಯ ತುಂಡಿನಲ್ಲಿ ಮೂಳೆ ಕಡಿಮೆ, ಕೆಳಗಿನ ಡ್ರಮ್‌ಸ್ಟಿಕ್‌ನಲ್ಲಿ ಜಾಸ್ತಿ, ಅದರಲ್ಲಿ ಮೂರನೇ ಒಂದರ ಹತ್ತಿರ ಹೋಗುತ್ತದೆ. ರೆಕ್ಕೆ ಮತ್ತು ಬೆನ್ನಿನ ತುಂಡುಗಳಲ್ಲಿ ಹತ್ತಿರ ಹತ್ತಿರ ಅರ್ಧ ಮೂಳೆಯೇ.

ಹಾಗಾಗಿ ಒಂದು ಕೆಜಿ ಅಂದರೆ ಎಲ್ಲ ತುಂಡಿಗೂ ಒಂದೇ ಅಲ್ಲ. ಮೂಳೆ, ಚರ್ಮ ಸಮೇತದ ಎದೆ ತುಂಡು ಒಂದು ಕೆಜಿ ತಂದರೆ ಸುಮಾರು 165 ಗ್ರಾಂ ಪ್ರೋಟೀನ್ ಸಿಗುತ್ತದೆ. ಬರೀ ರೆಕ್ಕೆ ತಂದರೆ 100 ಗ್ರಾಂ ಮುಟ್ಟೋದೂ ಕಷ್ಟ. ಎಂಟರಿಂದ ಭಾಗಿಸುವ ಲೆಕ್ಕ ಈ ಎರಡರ ನಡುವೆ ಬರುವ ಕಾಲಿಗೆ ಮತ್ತು ಇಡೀ ಕೋಳಿಗೆ.

ಅಂದಾಜು ಬೇಡ, ನನ್ನ ಪಾತ್ರೆಯದ್ದೇ ಲೆಕ್ಕ ಬೇಕು. ಹೇಗೆ ತೂಗೋದು?

ಮೂಳೆಯನ್ನು ಹಸಿಯಲ್ಲಿ ಬಿಡಿಸಬೇಕಾಗಿಲ್ಲ. ಊಟ ಮುಗಿದ ಮೇಲೆ ತೂಗಿದರಾಯಿತು. ಒಂದು ಕೆಜಿ ಲೆಗ್ ಪೀಸ್ ಚರ್ಮ ಸಮೇತ ತಂದು ಓವನ್‌ನಲ್ಲಿ ಸುಟ್ಟಿದ್ದೀರಿ ಅಂತ ಇಟ್ಟುಕೊಳ್ಳೋಣ.

ಮೊದಲು ಪೊಟ್ಟಣದಲ್ಲಿ ಇಳಿದ ನೀರು ಚೆಲ್ಲಿ, ತುಂಡುಗಳನ್ನು ಒರೆಸಿ, ಮಸಾಲೆ ಹಚ್ಚುವ ಮೊದಲೇ ತೂಗಿ. ಮಸಾಲೆ ಹಚ್ಚಿದ ಮೇಲೆ ತೂಗಿದರೆ ಅದರ ತೂಕಕ್ಕೂ ಮಾಂಸದ ಲೆಕ್ಕ ಹಾಕಿದಂತಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಒರೆಸಿದ ಮೇಲೆ ಸರಿಯಾಗಿ 1000 ಗ್ರಾಂ.

ಬೆಂದ ಮೇಲೆ, ಬಡಿಸುವ ಮೊದಲು, ಎಲ್ಲ ತುಂಡುಗಳನ್ನು ಇನ್ನೊಮ್ಮೆ ತೂಗಿ. ಈಗ 780 ಗ್ರಾಂ. ಟ್ರೇಯಲ್ಲಿ ನಿಂತ ಕೊಬ್ಬು, ರಸ ಇದರಲ್ಲಿ ಸೇರಿಲ್ಲ.

ಎಲ್ಲರೂ ತಿಂದ ಮೇಲೆ ತಟ್ಟೆಗಳಲ್ಲಿ ಉಳಿದ ಮೂಳೆಯನ್ನೆಲ್ಲ ಒಂದು ಬಟ್ಟಲಿಗೆ ಸುರಿದು ತೂಗಿ. 250 ಗ್ರಾಂ ಬಂತು. ಬಟ್ಟಲಿನ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಳ್ಳಿ. ಮೂಳೆಗೆ ಅಂಟಿದ ಈರುಳ್ಳಿ, ಸೊಪ್ಪು ಇದ್ದರೆ ತೆಗೆದುಹಾಕಿ.

ಈಗ ಲೆಕ್ಕ ಸುಲಭ. ಹಸಿ ತೂಕ 1000ರಲ್ಲಿ ಮೂಳೆ 250 ಕಳೆದರೆ ತಿನ್ನುವ ಹಸಿ ಭಾಗ 750 ಗ್ರಾಂ. ಚರ್ಮ ಸಮೇತದ ಹಸಿ ಕಾಲಿಗೆ ಪಟ್ಟಿಗಳು 100 ಗ್ರಾಂಗೆ 16ರಿಂದ 18 ಗ್ರಾಂ ಪ್ರೋಟೀನ್ ಕೊಡುತ್ತವೆ. ನಡುವಿನ 17 ತೆಗೆದುಕೊಳ್ಳೋಣ. 750ಕ್ಕೆ ಸುಮಾರು 127 ಗ್ರಾಂ. ಇಡೀ ಟ್ರೇಯ ಪ್ರೋಟೀನ್ ಇದು.

ಎರಡನೇ ಹೆಜ್ಜೆ, ಬೆಂದ ಮಾಂಸದ ದರ. 780ರಲ್ಲಿ ಮೂಳೆ 250 ಕಳೆದರೆ ಬೆಂದ ಮಾಂಸ, ಚರ್ಮ ಸೇರಿ 530 ಗ್ರಾಂ. ಆ 127 ಗ್ರಾಂ ಪ್ರೋಟೀನ್ ಈಗ ಈ 530ರಲ್ಲಿ ಕೂತಿದೆ. ಅಂದರೆ 100 ಗ್ರಾಂಗೆ 24. ಪಟ್ಟಿಯಲ್ಲಿ ಚರ್ಮ ಸಮೇತದ ಬೆಂದ ಕಾಲಿನ ಸಾಲು ನೋಡಿ, ಅಲ್ಲೂ 24ರ ಆಸುಪಾಸೇ ಇರುತ್ತದೆ. ಎರಡು ದಾರಿಯಲ್ಲಿ ಹೋದರೂ ಒಂದೇ ಕಡೆ ಬಂದು ನಿಂತರೆ ತೂಕ ಸರಿಯಿದೆ ಅಂತ ಧೈರ್ಯ ಬರುತ್ತದೆ.

ಸರಿ, ನನ್ನ ತಟ್ಟೆಗೆ ಬಂದದ್ದು ಎಷ್ಟು?

ಅದೇ ಟ್ರೇಯಿಂದ ನಿಮಗೆ ಬಡಿಸಿದ ತುಂಡುಗಳ ತೂಕ 200 ಗ್ರಾಂ. ತಿಂದಾದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆ 62 ಗ್ರಾಂ. ತಿಂದದ್ದು 138 ಗ್ರಾಂ. 100ಕ್ಕೆ 24ರಂತೆ ಸುಮಾರು 33 ಗ್ರಾಂ ಪ್ರೋಟೀನ್.

ಇದನ್ನೇ ತಪ್ಪಾಗಿ ಹಾಕಿದರೆ ಏನಾಗುತ್ತದೆ ಅಂತ ಒಮ್ಮೆ ನೋಡಿ. ಮೂಳೆ ಕಳೆಯದೆ 200 ಗ್ರಾಂ ಅಂತ ಬರೆದು, ಬೆಂದ ಎದೆ ಮಾಂಸದ 31 ಹಾಕಿದರೆ 62 ಗ್ರಾಂ ಬರುತ್ತದೆ. ನಿಜವಾದದ್ದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು! ಇನ್ನೊಂದು ಕಡೆಯ ತಪ್ಪೂ ಇದೆ. ಬೆಂದ ಮಾಂಸ 138 ಗ್ರಾಂ ತೂಗಿ, ಹಸಿ ಮಾಂಸದ 17 ಹಾಕಿದರೆ 23 ಗ್ರಾಂ ಮಾತ್ರ. ಇಲ್ಲಿ ಹತ್ತು ಗ್ರಾಂ ಕಳೆದುಕೊಂಡಿರಿ. ತೂಕ ಹಸಿಯದ್ದಾದರೆ ಅಂಕಿಯೂ ಹಸಿಯದ್ದು, ತೂಕ ಬೆಂದದ್ದಾದರೆ ಅಂಕಿಯೂ ಬೆಂದದ್ದು. ಇದೊಂದು ತಪ್ಪದಿದ್ದರೆ ಉಳಿದ ತಪ್ಪುಗಳೆಲ್ಲ ಚಿಕ್ಕವು.

ಬೆಂದ ಮೂಳೆ ಹಸಿ ಮೂಳೆಗಿಂತ ಹಗುರ ಅಲ್ವಾ? ಹಸಿ ತೂಕದಿಂದ ಬೆಂದ ಮೂಳೆ ಕಳೆಯೋದು ತಪ್ಪಲ್ವಾ?

ಒಳ್ಳೆ ಪ್ರಶ್ನೆ. ಹೌದು, ಬೇಯುವಾಗ ಮೂಳೆಯಿಂದಲೂ ನೀರು, ಕೊಬ್ಬು ಸ್ವಲ್ಪ ಇಳಿಯುತ್ತದೆ. ಮೇಲಿನ ಉದಾಹರಣೆಯಲ್ಲಿ ಬೆಂದ ಮೂಳೆ 250 ಇದ್ದರೆ ಹಸಿಯಲ್ಲಿ ಅದು 270 ಇದ್ದಿರಬಹುದು. ಆಗ ತಿನ್ನುವ ಹಸಿ ಭಾಗ 750 ಅಲ್ಲ, 730. ಪ್ರೋಟೀನ್ 127ರ ಬದಲು 124. ಇಡೀ ಟ್ರೇಗೆ ಮೂರು ಗ್ರಾಂ ವ್ಯತ್ಯಾಸ, ನಾಲ್ಕು ಜನರಿಗೆ ಹಂಚಿದರೆ ತಲೆಗೆ ಒಂದು ಗ್ರಾಂ ಕೂಡ ಇಲ್ಲ. ಪಟ್ಟಿಯ ಅಂಕಿಯೇ 16ರಿಂದ 18ರ ನಡುವೆ ಓಡಾಡುವಾಗ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಮೂಳೆಯನ್ನು ಎಷ್ಟು ಚೆನ್ನಾಗಿ ಬಿಡಿಸಿ ತಿನ್ನುತ್ತೀರಿ ಅನ್ನೋದು ಇದಕ್ಕಿಂತ ದೊಡ್ಡ ವಿಷಯ. ಕೆಲವರು ಮಾಂಸ ಅರ್ಧಂಬರ್ಧ ಬಿಟ್ಟೇ ತಟ್ಟೆ ಸರಿಸುತ್ತಾರೆ, ಕೆಲವರು ಮೂಳೆ ತುದಿಯ ಮೆದು ಎಲುಬನ್ನೂ ಅಗಿದು, ಒಳಗಿನ ಮಜ್ಜೆ ಹೀರಿಯೇ ಏಳುತ್ತಾರೆ. ತಟ್ಟೆಯಲ್ಲಿ ಉಳಿದದ್ದನ್ನು ತೂಗುವ ವಿಧಾನದಲ್ಲಿ ಇಬ್ಬರಿಗೂ ಅವರವರ ತಿಂದ ತೂಕವೇ ಸಿಗುತ್ತದೆ. ಕೊಂಡ ತೂಕಕ್ಕೆ ಇಷ್ಟು ಪರ್ಸೆಂಟ್ ಅಂತ ಕಳೆಯುವ ಲೆಕ್ಕಕ್ಕೆ ಇದು ಗೊತ್ತಾಗೋದೇ ಇಲ್ಲ.

ಚರ್ಮ ತಿಂದರೆ ಪ್ರೋಟೀನ್ ಜಾಸ್ತಿಯಾಗುತ್ತಾ?

ಸ್ವಲ್ಪ ಆಗುತ್ತದೆ, ಆದರೆ ಜೊತೆಗೆ ಬರೋದು ಮುಖ್ಯವಾಗಿ ಕೊಬ್ಬು. ಹಸಿ ಚರ್ಮದಲ್ಲಿ ಮೂರನೇ ಒಂದು ಭಾಗ ಕೊಬ್ಬೇ ಇರುತ್ತದೆ. ಪ್ರೋಟೀನ್ 100 ಗ್ರಾಂಗೆ 13ರಷ್ಟು. ಆ ಪ್ರೋಟೀನ್ ಕೂಡ ಹೆಚ್ಚಿನಂಶ ಕೊಲಾಜನ್. ಕೊಲಾಜನ್‌ನಲ್ಲಿ ಟ್ರಿಪ್ಟೊಫಾನ್ ಅನ್ನುವ ಅಗತ್ಯ ಅಮೈನೊ ಆಮ್ಲ ಇರೋದೇ ಇಲ್ಲ. ಪಟ್ಟಿಯ ಅಂಕಿಗೆ ಈ ವ್ಯತ್ಯಾಸ ಕಾಣೋದಿಲ್ಲ. ಅಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸಿ ಪ್ರೋಟೀನ್ ಅಂತ ಬರೆಯುತ್ತಾರೆ, ಅದು ಮಾಂಸದ್ದೋ ಚರ್ಮದ್ದೋ ಅಂತ ಕೇಳೋದಿಲ್ಲ. ಮಾಂಸದ ಜೊತೆ ಸ್ವಲ್ಪ ಚರ್ಮ ತಿಂದರೆ ಇದೇನೂ ತೊಂದರೆ ಅಲ್ಲ, ಮಾಂಸದಲ್ಲಿ ಟ್ರಿಪ್ಟೊಫಾನ್ ಬೇಕಾದಷ್ಟಿದೆ.

ಲೆಕ್ಕದಲ್ಲಿ ಮಾತ್ರ ಒಂದು ಎಚ್ಚರ. ಚರ್ಮ ಸಮೇತ ಬೇಯಿಸಿ, ತಿನ್ನುವಾಗ ಚರ್ಮ ಬಿಡಿಸಿ ಪಕ್ಕಕ್ಕಿಟ್ಟರೆ, ಆ ಚರ್ಮವನ್ನು ಮೂಳೆಯ ಜೊತೆಗೇ ತೂಗಿ ಕಳೆಯಿರಿ. ಉಳಿದದ್ದು ಬರೀ ಮಾಂಸ, ಹಾಗಾಗಿ ಅಂಕಿಯನ್ನೂ ಬರೀ ಮಾಂಸದ್ದಕ್ಕೆ ಬದಲಿಸಿ. ಅದು ಚರ್ಮ ಸಮೇತದ್ದಕ್ಕಿಂತ ತುಸು ಜಾಸ್ತಿಯೇ ಇರುತ್ತದೆ. ಒಂದು ಕೆಜಿ ಕಾಲಿನಲ್ಲಿ ಚರ್ಮವನ್ನೂ ಅದಕ್ಕಂಟಿದ ಕೊಬ್ಬನ್ನೂ ಪೂರ್ತಿ ಬಿಟ್ಟರೂ ಹೋಗೋದು ಹತ್ತರಿಂದ ಹದಿನೈದು ಗ್ರಾಂ ಪ್ರೋಟೀನ್.

ಚರ್ಮ ತೆಗೆಸಿ ತಂದರೆ ಒಂದು ಕೆಜಿಗೆ ಪ್ರೋಟೀನ್ ಜಾಸ್ತಿ ಸಿಗಬೇಕಲ್ಲ?

ಹಾಗನ್ನಿಸುತ್ತದೆ, ಆದರೆ ಇಡೀ ಕೋಳಿಯಲ್ಲಿ ಹಾಗಾಗೋದಿಲ್ಲ. ಚರ್ಮ ಹೋದ ಜಾಗಕ್ಕೆ ತಕ್ಕಡಿಯಲ್ಲಿ ಮಾಂಸದ ಜೊತೆ ಮೂಳೆಯೂ ಬಂದು ಕೂರುತ್ತದೆ. ಚರ್ಮ ಸಮೇತದ ಇಡೀ ಕೋಳಿಯಲ್ಲಿ ಮೂಳೆ ಮೂರನೇ ಒಂದು ಭಾಗದ ಆಸುಪಾಸಿದ್ದರೆ, ಚರ್ಮ ತೆಗೆದ ಒಂದು ಕೆಜಿಯಲ್ಲಿ ಅದು ಶೇಕಡ 40ರ ಹತ್ತಿರ ಹೋಗುತ್ತದೆ. ಮಾಂಸದ 100 ಗ್ರಾಂಗೆ 21 ಗ್ರಾಂ ಪ್ರೋಟೀನ್ ಇದ್ದರೂ, ಮಾಂಸವೇ 600 ಗ್ರಾಂ ಅಷ್ಟೇ. ಕೊನೆಗೆ ಬರೋದು ಅದೇ 125ರ ಆಸುಪಾಸು. ಕ್ಯಾಲೊರಿಯಲ್ಲಿ ಮಾತ್ರ ಒಳ್ಳೆ ವ್ಯತ್ಯಾಸ ಸಿಗುತ್ತದೆ, ಕೊಬ್ಬು ಹೋಯಿತಲ್ಲ.

ಗ್ರೇವಿಯಲ್ಲಿ ಬೇಯಿಸಿದರೆ ಪ್ರೋಟೀನ್ ಅದರೊಳಗೆ ಇಳಿದುಹೋಗುತ್ತಾ?

ಸ್ವಲ್ಪ ಇಳಿಯುತ್ತದೆ. ನೀರಿನಲ್ಲಿ ಕರಗುವ ಪ್ರೋಟೀನ್ ಒಂದಿಷ್ಟು, ಜೊತೆಗೆ ಚರ್ಮ, ಮೂಳೆಯ ಕೊಲಾಜನ್ ಕರಗಿ ಆದ ಜೆಲಾಟಿನ್. ಉಳಿದ ಗ್ರೇವಿಯನ್ನು ಫ್ರಿಜ್‌ನಲ್ಲಿ ಇಟ್ಟರೆ ಬೆಳಗ್ಗೆ ಹೆಪ್ಪುಗಟ್ಟಿ ಅಲ್ಲಾಡುತ್ತದಲ್ಲ, ಅದು ಜೆಲಾಟಿನ್. ಮೇಲೆ ಬಿಳಿಯಾಗಿ ಕೆನೆಗಟ್ಟೋದು ಕೊಬ್ಬು, ಅದರಲ್ಲಿ ಪ್ರೋಟೀನ್ ಇಲ್ಲ.

ಗ್ರೇವಿಯನ್ನೂ ಎಲ್ಲರೂ ಉಣ್ಣುವುದಾದರೆ ಪಾತ್ರೆಯ ಒಟ್ಟು ಲೆಕ್ಕ ಕೆಡೋದಿಲ್ಲ. ಹಸಿ ತೂಕದಿಂದ ಮೂಳೆ ಕಳೆದು ಒಟ್ಟು ಪ್ರೋಟೀನ್ ಹಾಕಿ, ಪಾತ್ರೆಯ ಎಷ್ಟು ಪಾಲು ನಿಮಗೆ ಬಂತೋ ಅಷ್ಟು ಪಾಲು ಪ್ರೋಟೀನ್ ನಿಮ್ಮದು ಅಂತ ಬರೆದುಕೊಳ್ಳಿ. ಪಾಲನ್ನು ತುಂಡು ಎಣಿಸಿ ಹೇಳಬೇಡಿ. ಒಂದು ತೊಡೆ, ಒಂದು ಕತ್ತಿನ ತುಂಡು ಎರಡೂ ಎಣಿಕೆಯಲ್ಲಿ ಒಂದೊಂದೇ, ಆದರೆ ಕತ್ತಿನಲ್ಲಿ ತಿನ್ನೋಕೆ ಏನೂ ಇಲ್ಲ. ಮೂಳೆ ಬಿಟ್ಟ ಮಾಂಸದ ತೂಕದಲ್ಲೇ ಪಾಲು ಹೇಳಿ.

ಇನ್ನೊಂದು ತೊಡಕು: ಗ್ರೇವಿಯಲ್ಲಿ ಬೆಂದ ತುಂಡಿನ ಮೇಲೆ ಗ್ರೇವಿ ಅಂಟಿರುತ್ತದೆ. ತೂಗುವ ಮೊದಲು ಸೌಟಿನಲ್ಲಿ ಎತ್ತಿ ಒಂದು ಕ್ಷಣ ಸೋರಲು ಬಿಡಿ. ಅಷ್ಟಕ್ಕೆ ತೃಪ್ತಿಪಡಿ.

ಪ್ಯಾಕೆಟ್ ಕೋಳಿಯಲ್ಲಿ ನೀರು ಸೇರಿಸಿರುತ್ತಾರಂತೆ. ಗೊತ್ತಾಗೋದು ಹೇಗೆ?

ನೀರು ಎರಡು ರೀತಿ ಬರುತ್ತದೆ. ಒಂದು, ಕೊಯ್ದ ಮೇಲೆ ತಣ್ಣೀರಿನಲ್ಲಿ ತಂಪು ಮಾಡುವಾಗ ಹೀರಿಕೊಂಡದ್ದು, ಅಥವಾ ಫ್ರೀಜ್ ಮಾಡಿದ್ದರೆ ಮೇಲಿನ ಐಸ್ ಪದರ. ಇದು ಪೊಟ್ಟಣದಲ್ಲೇ ಸೋರಿ ನಿಲ್ಲುತ್ತದೆ. ಫ್ರೀಜ್ ಮಾಡಿದ್ದನ್ನು ಪೂರ್ತಿ ಕರಗಿಸಿ, ನೀರು ಬಸಿದು, ಆಮೇಲೆ ತೂಗಿದರೆ ಸಮಸ್ಯೆ ಅಲ್ಲೇ ಮುಗಿಯಿತು. ಪೊಟ್ಟಣದ ಮೇಲಿನ ತೂಕವನ್ನು ನಂಬಿ ಲೆಕ್ಕ ಹಾಕಿದರೆ ಮಾತ್ರ ಮೋಸ. ಅಂದಹಾಗೆ, ಆ ಕೆಂಪು ನೀರು ರಕ್ತವಲ್ಲ. ಮಾಂಸದ ನೀರಿಗೆ ಮಯೋಗ್ಲೋಬಿನ್ ಸೇರಿ ಬಂದ ಬಣ್ಣ.

ಎರಡನೆಯದು ಉಪ್ಪುನೀರನ್ನು ಮಾಂಸದೊಳಗೆ ಚುಚ್ಚಿ ಸೇರಿಸಿದ್ದು. ಇದನ್ನು ಒರೆಸಿ ತೆಗೆಯೋಕಾಗೋದಿಲ್ಲ. ಲೇಬಲ್ ತಿರುಗಿಸಿ ಸೋಡಿಯಂ ನೋಡಿ. ಏನೂ ಸೇರಿಸದ ಹಸಿ ಕೋಳಿಯಲ್ಲಿ ಅದು ಸಾಮಾನ್ಯವಾಗಿ 100 ಗ್ರಾಂಗೆ 100 ಮಿಲಿಗ್ರಾಂ ದಾಟೋದಿಲ್ಲ. 200, 300 ಅಂತಿದ್ದರೆ ಉಪ್ಪುನೀರು ಹೋಗಿದೆ. ಪ್ರೋಟೀನ್ ಸಾಲೂ ಅದನ್ನೇ ಹೇಳುತ್ತದೆ: ಚರ್ಮ ಇಲ್ಲದ ಹಸಿ ಎದೆಗೆ 22, 23 ಇರಬೇಕಾದಲ್ಲಿ 18, 19 ಇರುತ್ತದೆ. ಅಂಥ ಕೋಳಿಗೆ ಸಾಮಾನ್ಯ ಪಟ್ಟಿಯ ಅಂಕಿ ಬಿಟ್ಟು ಲೇಬಲ್‌ನದ್ದನ್ನೇ ಹಾಕಿ.

ಜೀವಂತ ಕೋಳಿಯ ತೂಕಕ್ಕೆ ಕೊಂಡರೆ?

ರಕ್ತ, ಪುಕ್ಕ, ತಲೆ, ಪಾದ, ಕರುಳು ಎಲ್ಲ ಹೋದ ಮೇಲೆ ಚರ್ಮ ಸಮೇತ ಉಳಿಯೋದು ನೂರಕ್ಕೆ 70ರಿಂದ 75. ಎರಡು ಕೆಜಿಯ ಕೋಳಿ ಒಂದೂವರೆ ಕೆಜಿಗಿಂತ ಸ್ವಲ್ಪ ಕಡಿಮೆ ಆಗುತ್ತದೆ. ಅಲ್ಲಿಂದ ಮೂಳೆ ಕಳೆದರೆ ತಿನ್ನುವ ಭಾಗ ಒಂದು ಕೆಜಿ, ಪ್ರೋಟೀನ್ ಸುಮಾರು 180 ಗ್ರಾಂ. ಲಿವರ್, ಹಾರ್ಟ್ ತಿನ್ನುವವರು ಅದನ್ನು ಬೇರೆ ತೂಗಿ ಸೇರಿಸಿಕೊಳ್ಳಿ. ಅದರಲ್ಲಿ ಮೂಳೆ ಇಲ್ಲ, ಪ್ರೋಟೀನ್ ಹಸಿ 100 ಗ್ರಾಂಗೆ 15ರಿಂದ 17.

ಪ್ರತಿ ಸಲ ಹೀಗೆ ಮೂಳೆ ತೂಗ್ತಾ ಕೂರಬೇಕಾ?

ಬೇಡ. ನೀವು ಯಾವಾಗಲೂ ತರುವ ತುಂಡು ಯಾವುದೋ ಅದನ್ನು ಎರಡು ಮೂರು ಸಲ ತೂಗಿ. ಹಸಿ ಒಂದು ಕೆಜಿಗೆ ಮೂಳೆ ಎಷ್ಟು, ಬೆಂದ ಮೇಲೆ ಮಾಂಸ ಎಷ್ಟು ಅನ್ನೋದು ಹೆಚ್ಚು ಕಡಿಮೆ ಒಂದೇ ಬರುತ್ತದೆ. ಅದನ್ನೇ ಬರೆದಿಟ್ಟುಕೊಂಡು ಮುಂದೆ ಬಳಸಿ. ತುಂಡು ಬದಲಾದರೆ, ಬೇಯಿಸುವ ರೀತಿ ಬದಲಾದರೆ ಮತ್ತೆ ಒಮ್ಮೆ ತೂಗಿ. ಚೆನ್ನಾಗಿ ಒಣಗುವಂತೆ ಸುಟ್ಟದ್ದಕ್ಕೂ ನೀರಿನಲ್ಲಿ ಮೆಲ್ಲಗೆ ಬೇಯಿಸಿದ್ದಕ್ಕೂ ಬೆಂದ ತೂಕ ಒಂದೇ ಇರೋದಿಲ್ಲ.

ಉತ್ತರವನ್ನು 33.12 ಗ್ರಾಂ ಅಂತ ಬರೆಯೋದರಲ್ಲಿ ಅರ್ಥ ಇಲ್ಲ. ಕೋಳಿಯಿಂದ ಕೋಳಿಗೆ, ಪಟ್ಟಿಯಿಂದ ಪಟ್ಟಿಗೆ ಇರುವ ವ್ಯತ್ಯಾಸವೇ ನೂರಕ್ಕೆ ಹತ್ತರಷ್ಟು ಆಗಬಹುದು. ಐದರ ಲೆಕ್ಕಕ್ಕೆ ಸರಿಮಾಡಿ 35 ಅಂತ ಬರೆಯಿರಿ.

ಲೆಕ್ಕ ಎಲ್ಲೋ ತಪ್ಪಿದೆ ಅಂತ ಹೇಗೆ ಗೊತ್ತಾಗುತ್ತದೆ?

ಬೆಂದ ಮಾಂಸಕ್ಕೆ ನೀವು ಕಂಡುಕೊಂಡ ದರವನ್ನು ನೋಡಿ. ಚರ್ಮ ಸಮೇತದ ಕಾಲಿಗೆ ಅದು 22ರಿಂದ 27ರ ಒಳಗೆ ಬರಬೇಕು. 17, 18 ಬಂದರೆ ಬೆಂದ ತೂಕದಲ್ಲಿ ಮೂಳೆಯನ್ನೋ ಗ್ರೇವಿಯನ್ನೋ ಸೇರಿಸಿಬಿಟ್ಟಿದ್ದೀರಿ. 35 ಬಂದರೆ ಹಸಿ ತೂಕದಲ್ಲಿ ನೀರೋ ಮಸಾಲೆಯೋ ಸೇರಿದೆ, ಇಲ್ಲವೇ ತೂಗುವ ಮೊದಲೇ ಯಾರೋ ಒಂದು ತುಂಡು ಎತ್ತಿಕೊಂಡು ಹೋಗಿದ್ದಾರೆ. ಈ ಕೊನೆಯದು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಲ ಆಗುತ್ತದೆ. ಮೂಳೆ ಹಸಿ ತೂಕದ ನೂರಕ್ಕೆ 15ಕ್ಕಿಂತ ಕಡಿಮೆ ಬಂದರೆ ಒಂದಷ್ಟು ಮೂಳೆ ಬಟ್ಟಲಿಗೆ ಬರುವ ಮೊದಲೇ ಕಸಕ್ಕೆ ಹೋಗಿದೆ. ಆವತ್ತಿನ ಮಟ್ಟಿಗೆ ಎಂಟರಿಂದ ಭಾಗಿಸುವ ಲೆಕ್ಕಕ್ಕೇ ವಾಪಸ್ ಬನ್ನಿ.